ಫ್ರೀ ಡೇ ಬೇಡ, ಒಂದು ಕಲ್ಲು ಸಾಕು

ಬೆಂಗಳೂರಲ್ಲಿ ದುಡ್ಡಿಲ್ಲದೆ ಹೊರಗೆ ಕಾಲಿಡೋಕೂ ಆಗಲ್ಲ ಅನ್ನೋದು ನಮ್ಮ ಹಾಸ್ಟೆಲ್, ಪಿಜಿಗಳಲ್ಲಿ ದಿನಾ ಕೇಳೋ ಮಾತು. ಇದು ಅರ್ಧ ನಿಜ. ನಾವು ಹಾಕೋ ವೀಕೆಂಡ್ ಪ್ಲಾನ್‌ಗಳನ್ನೇ ನೋಡಿ: ಮಾಲ್, ಸಿನಿಮಾ, ಆಮೇಲೆ ಕೆಫೆ. ಬಿಲ್ ಹಂಚಿಕೊಂಡರೂ ತಲೆಗೆ ಏಳೆಂಟುನೂರು ಬರುತ್ತೆ. ಮೊದಲೆರಡು ಸಲ ಎಲ್ಲರೂ ಬರ್ತಾರೆ. ಮೂರನೇ ಸಲ ಒಬ್ಬ "ಅಸೈನ್‌ಮೆಂಟ್ ಇದೆ ಕಣೋ, ನೀವು ಹೋಗಿ" ಅಂತಾನೆ. ದುಡ್ಡಿಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ. ಸೆಕೆಂಡ್ ಇಯರ್ ಬರೋ ಹೊತ್ತಿಗೆ ಗ್ಯಾಂಗ್‌ಗಳು ಜೇಬಿನ ಪ್ರಕಾರ ಬೇರೆ ಬೇರೆ ಆಗಿರುತ್ತವೆ. ಹಾಗಾಗಿ ಕಡಿಮೆ ಖರ್ಚಿನ ಸುತ್ತಾಟ ಜಿಪುಣತನದ ವಿಷಯ ಅಲ್ಲ. ಎಲ್ಲರೂ ಒಟ್ಟಿಗೆ ಹೋಗಬಹುದಾ ಇಲ್ವಾ ಅನ್ನೋದರ ವಿಷಯ.

ಇದಕ್ಕೆ ಎಲ್ಲರೂ ಕೊಡೋ ಉತ್ತರ "ಫ್ರೀ ಇರೋ ದಿನ ಹೋಗಿ" ಅಂತ. ಅಂಥ ದಿನಗಳು ಇವೆ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ನವೆಂಬರ್ 19ಕ್ಕೆ ವಿಶ್ವ ಪರಂಪರೆ ಸಪ್ತಾಹ ಶುರು. ಈ ದಿನಗಳಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಟಿಕೆಟ್ ಇರಲ್ಲ. ಕಲಾಸಿಪಾಳ್ಯದ ಹತ್ತಿರದ ಟಿಪ್ಪು ಅರಮನೆ ಅಂಥದ್ದೊಂದು ಜಾಗ. ಮೇ 18ರ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನಕ್ಕೂ ಕೆಲವು ಮ್ಯೂಸಿಯಂಗಳು ಪ್ರವೇಶ ಉಚಿತ ಮಾಡ್ತವೆ. ಆದರೆ ಈ ದಿನಗಳು ವಾರದ ಮಧ್ಯೆ ಬಂದರೆ ನಮಗೆ ಲ್ಯಾಬ್ ಇರುತ್ತೆ. ರಜೆಯಲ್ಲಿ ಬಂದರೆ ಜನವೋ ಜನ. ಅಷ್ಟು ಕಾದು ಉಳಿಸೋದು ಎಷ್ಟು? ಸರ್ಕಾರಿ ಮ್ಯೂಸಿಯಂ ಟಿಕೆಟ್ ದರ್ಶಿನಿಯ ಒಂದು ಪ್ಲೇಟ್ ಇಡ್ಲಿಯ ಆಸುಪಾಸಲ್ಲಿರುತ್ತೆ. ಜೇಬು ಖಾಲಿ ಮಾಡೋದು ಟಿಕೆಟ್ ಅಲ್ಲ, ಆಟೋ ಮತ್ತು ಊಟ.

ನನ್ನ ಪ್ರಕಾರ ನಾವು ಮ್ಯೂಸಿಯಂಗೆ ಹೋಗದೇ ಇರೋದಕ್ಕೆ ಕಾರಣ ಟಿಕೆಟ್ ದರ ಅಲ್ಲ. ಒಳಗೆ ಹೋದಮೇಲೆ ಏನು ನೋಡಬೇಕು ಅಂತ ಗೊತ್ತಿಲ್ಲ, ಅದೇ ಕಾರಣ. ಇಪ್ಪತ್ತು ನಿಮಿಷ ಕಲ್ಲುಗಳ ಮುಂದೆ ನಡೆದು, ಎರಡು ಫೋಟೋ ತೆಗೆದು, "ಬೋರು" ಅಂತ ಹೊರಗೆ ಬರ್ತೀವಿ. ದುಡ್ಡು ಕೊಟ್ಟು ಹೋಗೋ ಹೆರಿಟೇಜ್ ವಾಕ್‌ನಲ್ಲಿ ಸಿಗೋದು ಇದೇ: ಯಾವುದರ ಮುಂದೆ ನಿಲ್ಲಬೇಕು, ಅದರ ಕಥೆ ಏನು. ಒಳ್ಳೆ ಗೈಡ್‌ಗೆ ಆ ದುಡ್ಡು ಖಂಡಿತ ಸಲ್ಲಬೇಕು. ಆದರೆ ಕೊಡೋಕೆ ಆಗದೇ ಇದ್ದಾಗ ಆ ಕಥೆಯನ್ನ ನಾವೇ ಹುಡುಕಿಕೊಳ್ಳಬಹುದು.

ಒಂದು ಉದಾಹರಣೆ ತಗೊಳ್ಳೋಣ. ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡದ ಸರ್ಕಾರಿ ಮ್ಯೂಸಿಯಂ ಶುರುವಾಗಿದ್ದು 1865ರಲ್ಲಿ. ಅಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಒಂದು ಶಾಸನದ ಕಲ್ಲಿದೆ. ಅದರ ಮೇಲೆ ನಾಯಿಯೊಂದು ಕಾಡುಹಂದಿಯ ಜೊತೆ ಕಾದಾಡ್ತಿದೆ. ಕಥೆ ಇಷ್ಟು: ಕ್ರಿ.ಶ. 949ರ ಸುಮಾರಿಗೆ ತಕ್ಕೋಲ ಅನ್ನೋ ಜಾಗದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧ ಆಯ್ತು. ಗಂಗರ ದೊರೆ ಬೂತುಗ ಕೃಷ್ಣನ ಪರ ಹೋರಾಡಿದ. ಬೂತುಗನ ಕಡೆಯ ಮಣಲೇರ ಅನ್ನೋ ವೀರ ಆ ಯುದ್ಧದಲ್ಲಿ ಮೆರೆದ. ಮೆಚ್ಚಿದ ಬೂತುಗ ಏನು ಬೇಕೋ ಕೇಳು ಅಂದ. ಮಣಲೇರ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. "ಕಾಳಿ" ಅನ್ನೋ ನಾಯಿ ಕೊಡಿ ಅಂದ! ಆಮೇಲೆ ಕಾಳಿಯನ್ನ ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಕಾಳಿಯ ನೆನಪಿಗೆ ಊರಿನ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಪೂಜಾರಿಗೆ ಆ ನಾಯಿಯ ಪಾಪವೆಲ್ಲ ತಗಲಲಿ ಅಂತಾನೂ ಬರೆಸಿದರು. ಚೋಳ ರಾಜಕುಮಾರ ರಾಜಾದಿತ್ಯ ಸತ್ತ ದೊಡ್ಡ ಯುದ್ಧದ ಸುದ್ದಿ ನಮಗೆ ಸಿಗೋದು ಒಂದು ನಾಯಿಯ ಸ್ಮಾರಕದಲ್ಲಿ. ಇಷ್ಟು ಗೊತ್ತಿದ್ದು ಆ ಕಲ್ಲಿನ ಮುಂದೆ ನಿಂತರೆ ಯಾರಿಗೂ ಬೋರ್ ಆಗಲ್ಲ.

ಈ ಕಥೆಗೆ ನಾವು ದುಡ್ಡು ಕೊಡಬೇಕಿಲ್ಲ. ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಶಾಸನಗಳನ್ನ ಜಿಲ್ಲಾವಾರು ಸೇರಿಸಿ "ಎಪಿಗ್ರಾಫಿಯಾ ಕರ್ನಾಟಿಕಾ" ಅಂತ ಸಂಪುಟಗಳನ್ನ ಮಾಡಿದರು. ಅವುಗಳ ಸ್ಕ್ಯಾನ್ archive.org ನಲ್ಲಿ ಉಚಿತವಾಗಿ ಸಿಗುತ್ತೆ. ಮೂಲ ಪಾಠದ ಜೊತೆ ಇಂಗ್ಲಿಷ್ ಅನುವಾದವೂ ಇದೆ. ನನ್ನ ಹಾಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಹಳಗನ್ನಡ ಅಂತ ಹೆದರಬೇಕಿಲ್ಲ. ಮೊದಲು ಅನುವಾದ ಓದಿ, ಆಮೇಲೆ ಕನ್ನಡ ಪಾಠದಲ್ಲಿ ಹೆಸರುಗಳನ್ನ ಹುಡುಕಿದರೆ ದಾರಿ ಸಿಗುತ್ತೆ.

ಟಿಕೆಟ್ಟೇ ಇಲ್ಲದ ಜಾಗ ಬೇಕು ಅಂದರೆ ಬೇಗೂರಿಗೆ ಹೋಗಿ. ಹೊಸೂರು ರಸ್ತೆಯ ಬೊಮ್ಮನಹಳ್ಳಿ ಕಡೆಯಿಂದ ಒಳಗೆ ಹೋಗಬೇಕು. ಅಲ್ಲಿನ ಪಂಚಲಿಂಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಒಂದು ಕಲ್ಲಿದೆ. ಬೆಂಗಳೂರಿನ ಕಾಳಗದಲ್ಲಿ ಸತ್ತವನ ಬಗ್ಗೆ ಅದು ಹೇಳುತ್ತೆ. ಅಂದರೆ "ಬೆಂಗಳೂರು" ಅನ್ನೋ ಹೆಸರು ಆಗಲೇ ಇತ್ತು. ಹೊಯ್ಸಳ ಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದರಿಂದ ಈ ಹೆಸರು ಬಂತು ಅನ್ನೋ ಕಥೆ ಸುಮಾರು ಮುನ್ನೂರು ವರ್ಷ ತಡ ಆಯ್ತು! ಮಧ್ಯಾಹ್ನ ದೇವಸ್ಥಾನ ಮುಚ್ಚಿರಬಹುದು, ಬೆಳಿಗ್ಗೆ ಹೋಗಿ.

ಕಲ್ಲು ನೋಡೋಕೂ ಒಂದು ಉಪಾಯ ಇದೆ. ಸವೆದ ಅಕ್ಷರ ನೇರ ಬೆಳಕಲ್ಲಿ ಕಾಣಲ್ಲ. ಮೊಬೈಲ್ ಟಾರ್ಚನ್ನ ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರದ ಗುಂಡಿಗಳಲ್ಲಿ ನೆರಳು ಬಿದ್ದು ಸಾಲುಗಳು ಎದ್ದು ಕಾಣ್ತವೆ. ಮ್ಯೂಸಿಯಂನಲ್ಲಿ ಮೊದಲು ಸಿಬ್ಬಂದಿಯನ್ನ ಕೇಳಿ. ಅಕ್ಷರ ಕಾಣಲಿ ಅಂತ ಚಾಕ್‌ಪೀಸ್ ಉಜ್ಜೋದು, ನೀರು ಹಾಕೋದು ಮಾತ್ರ ಬೇಡ.

ಈಗ ಲೆಕ್ಕ. ಬಿಎಂಟಿಸಿ ಸಾಮಾನ್ಯ ಬಸ್ಸಿನ ದಿನದ ಪಾಸ್‌ಗೆ 2025ರ ಪರಿಷ್ಕರಣೆಯಲ್ಲಿ 80 ರೂಪಾಯಿ ಆಯ್ತು. ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇರೋ ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಅದೂ ಇಲ್ಲ. ದರ್ಶಿನಿಯಲ್ಲಿ ಊಟ, ಮ್ಯೂಸಿಯಂ ಟಿಕೆಟ್ ಎಲ್ಲಾ ಸೇರಿ 200ರ ಒಳಗೆ ದಿನ ಮುಗಿಯುತ್ತೆ. ಮ್ಯೂಸಿಯಂ ಆದಮೇಲೆ ಹಿಂದಿನ ಕಬ್ಬನ್ ಪಾರ್ಕಿಗೆ ಹೋಗಿ. ಭಾನುವಾರ ಅಲ್ಲಿ ವಾಹನ ಬಿಡಲ್ಲ, ಆರಾಮಾಗಿ ನಡೀಬಹುದು. ಆದರೆ ಸೋಮವಾರ ಮ್ಯೂಸಿಯಂಗೆ ರಜೆ. ದುರಸ್ತಿ ಅಂತ ಕೆಲವು ಗ್ಯಾಲರಿ ಮುಚ್ಚಿದ್ದರೆ ನಮ್ಮ ಕಲ್ಲು ಸಿಗದೇ ಹೋಗಬಹುದು, ಅದಕ್ಕೆ ಮೊದಲೇ ಫೋನ್ ಮಾಡಿ ಕೇಳಿ. ಮಳೆ ಬಂದರೆ ಬಸ್ಸಲ್ಲೇ ಎರಡು ಗಂಟೆ ಹೋಗಬಹುದು, ಒಂದೇ ದಿನಕ್ಕೆ ಎರಡೂ ಜಾಗ ಇಟ್ಟುಕೊಳ್ಳಬೇಡಿ.

ನಮ್ಮ ಕನ್ನಡ ಸಂಘಕ್ಕೆ ನನ್ನದೊಂದು ಬೇಡಿಕೆ ಇದೆ. ತಿಂಗಳಿಗೊಂದು ಭಾನುವಾರ ಇಂಥ ಒಂದು ವಾಕ್ ಇಡೋಣ. ಐದು ಜನ ಬಂದರೆ ಐದು ಕಲ್ಲು, ತಲೆಗೊಂದು. ಅವರವರ ಕಲ್ಲಿನ ಕಥೆ ಅವರೇ ಓದಿಕೊಂಡು ಬಂದು ಹೇಳಬೇಕು. ಇನ್ನೊಂದು ನಿಯಮ: ಒಟ್ಟು ಖರ್ಚು ಎಷ್ಟಾಗುತ್ತೆ ಅಂತ ಗ್ರೂಪಲ್ಲಿ ಮೊದಲೇ ಹಾಕಬೇಕು, ಊಟವೂ ಸೇರಿ. ವಾಕ್ ಮುಗಿದಮೇಲೆ "ಇಲ್ಲೇ ಹತ್ತಿರ ಒಂದು ಕೆಫೆ ಇದೆ" ಅಂತ ಯಾರೂ ಶುರು ಮಾಡಬಾರದು. 200 ರೂಪಾಯಿ ಅಂತ ಮೊದಲೇ ಗೊತ್ತಿದ್ದರೆ, ಅಸೈನ್‌ಮೆಂಟ್ ಇದೆ ಅಂದವನೂ ಬರಬಹುದು.