ಬರೀ ಉತ್ತರಕ್ಕೆ ಮಾರ್ಕ್ಸ್ ಎಲ್ಲಿಂದ ಬರುತ್ತೆ?

ಮೆಕ್ಯಾನಿಕ್ಸ್ ಹೇಳಿಸಿಕೊಳ್ಳೋಕೆ ಬರೋ ಜೂನಿಯರ್‌ಗಳಿಗೆ ನಾವು ಹೇಳೋದು ಇಷ್ಟೇ: ನೀಟ್ ಅಂದ್ರೆ ಮುದ್ದಾದ ಅಕ್ಷರ ಅಲ್ಲ, ಸಾಲಿಗೊಂದೇ ಸ್ಟೆಪ್.

ಎರಡೂ ತುದಿಗೆ ಆಧಾರವಿರುವ 6 ಮೀಟರ್ ಬೀಮ್, A ತುದಿಯಿಂದ 2 ಮೀಟರ್ ದೂರದಲ್ಲಿ 30 ಕಿಲೋನ್ಯೂಟನ್ ಲೋಡ್ ಅಂದ್ಕೊಳ್ಳಿ. ಮೊದಲು ಫ್ರೀ ಬಾಡಿ ಡಯಾಗ್ರಾಮ್, ಆಮೇಲೆ:

ΣM_A = 0
R_B × 6 − 30 × 2 = 0
R_B = 10 kN
R_A = 30 − 10 = 20 kN

ಅವಸರದಲ್ಲಿ R_B = 12 ಅಂತ ಬರೆದ್ರೂ, ಎರಡನೇ ಸಾಲು ನೋಡಿದ ವ್ಯಾಲ್ಯುಯೇಟರ್‌ಗೆ ತಪ್ಪಿದ್ದು ಭಾಗಾಕಾರ ಮಾತ್ರ ಅಂತ ಗೊತ್ತಾಗುತ್ತೆ; ಸಮೀಕರಣದ ಅಂಕ ಕೊಡಬಹುದು. ಬರೀ 12 ಇದ್ರೆ ಅಂಕ ಕೊಡೋಕೆ ಅಲ್ಲಿ ಏನಿದೆ?

ಕೊನೆಗೆ B ಸುತ್ತ ಮೊಮೆಂಟ್ ತಗೊಂಡು ತಾಳೆ ನೋಡಿ: R_A × 6 = 30 × 4, ಅಂದ್ರೆ 20. ನಿಮಗೆ 18 ಬಂದಿದ್ರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತೆ. ಆ ಸಾಲನ್ನು ಗೀಚಿ ಮಸಿ ಮಾಡಬೇಡಿ. ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಕೆಳಗೆ ಬರೆಯಿರಿ.