‘ಸುಂದರ’ ಎಂದರೆ ಎಐಗೆ ಏನು ಅರ್ಥವಾಗಬೇಕು?

ಎಐ ಟೂಲ್‌ಗಳು ಬಂದ ಮೇಲೆ ನಮ್ಮ ಕಾಲೇಜು ಪೋಸ್ಟರ್‌ಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತಿವೆ. ಅದೇ ಕೇಸರಿ ಸಂಜೆ, ಅದೇ ಹೊಳೆಯುವ ಮುಖಗಳು. ಹಲವರು ಟೂಲನ್ನು ದೂರುತ್ತಾರೆ. ನನ್ನ ಪ್ರಕಾರ ಕೊರತೆ ಹೆಚ್ಚಾಗಿ ಇರುವುದು ನಾವು ಬರೆಯುವ ಪ್ರಾಂಪ್ಟ್‌ನಲ್ಲಿ.

ಈ ಟೂಲ್‌ಗಳು ಅಪಾರ ಸಂಖ್ಯೆಯ ಚಿತ್ರಗಳನ್ನು, ಅವುಗಳ ಜೊತೆಗಿದ್ದ ವಿವರಣೆಗಳನ್ನು ಆಧರಿಸಿ ಕಲಿತಿವೆ. ನಾವು ಹೇಳದೆ ಬಿಟ್ಟದ್ದನ್ನು ಅವು ತಮಗೆ ಹೆಚ್ಚು ಪರಿಚಿತವಾದದ್ದರಿಂದ ತುಂಬುತ್ತವೆ. ಉತ್ತರ ಕರ್ನಾಟಕದ ಒಂದು ಖಾನಾವಳಿಗೆ ಪೋಸ್ಟರ್ ಬೇಕು ಎಂದುಕೊಳ್ಳಿ. ‘ರುಚಿಯಾದ ಭಾರತೀಯ ಊಟ’ ಎಂದು ಬರೆದರೆ ನಾನ್, ಕೆಂಪು ಗ್ರೇವಿ, ಮೇಲೆ ಕೊತ್ತಂಬರಿ ಬರುವ ಸಾಧ್ಯತೆಯೇ ಹೆಚ್ಚು. ‘ರುಚಿಯಾದ’, ‘ಸುಂದರ’ ಎಂಬ ಪದಗಳಿಗೆ ಆಕಾರವೂ ಇಲ್ಲ, ಬಣ್ಣವೂ ಇಲ್ಲ.

ಹಾಗಾಗಿ ಮೊದಲ ಹೆಜ್ಜೆಯಲ್ಲಿ ವಸ್ತುವನ್ನು ಹೇಳಬೇಕು. ‘ಜೋಳದ ರೊಟ್ಟಿ’ ಎಂಬ ಹೆಸರೊಂದೇ ಸಾಕಾಗದೆ ಚಪಾತಿ ಬರಬಹುದು. ಆಗ ಕಣ್ಣಿಗೆ ಕಾಣುವುದನ್ನು ಬರೆಯಿರಿ: ‘ತೆಳುವಾದ, ದುಂಡನೆಯ, ಮಾಸಲು ಬಿಳಿ ರೊಟ್ಟಿಗಳು, ಅಲ್ಲಲ್ಲಿ ಕಂದು ಸುಟ್ಟ ಕಲೆ, ಪಕ್ಕದಲ್ಲಿ ಎಣ್ಣೆ ತೇಲುವ ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿಪುಡಿ, ಹಸಿ ಈರುಳ್ಳಿ.’ ಎರಡನೆಯದು ಜಾಗ: ‘ಸ್ಟೀಲ್ ತಟ್ಟೆ, ಹಳೆಯ ಮರದ ಮೇಜು.’ ಮೂರನೆಯದು ಬೆಳಕು ಮತ್ತು ಕೋನ: ‘ಎಡಗಡೆಯ ಕಿಟಕಿಯಿಂದ ಮಧ್ಯಾಹ್ನದ ಬೆಳಕು, ನೇರ ಮೇಲಿನಿಂದ ತೆಗೆದ ಫೋಟೊ.’ ಕೊನೆಗೆ ಬಳಕೆ: ‘ಮೇಲ್ಭಾಗದ ಮೂರನೇ ಒಂದು ಭಾಗ ಖಾಲಿ ಇರಲಿ.’

ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ. ಒಂದೊಂದೇ ವಿವರ ಸೇರಿಸಿ, ಚಿತ್ರ ನೋಡಿ, ಮುಂದೆ ಹೋಗಿ. ಪ್ರತಿ ಸಲವೂ ಟೂಲ್ ಬೇರೆ ಆರಂಭದಿಂದ ಚಿತ್ರ ಕಟ್ಟುವುದರಿಂದ, ಬದಲಾವಣೆ ನಿಮ್ಮ ಪದದಿಂದ ಬಂತೋ ಆಕಸ್ಮಿಕವೋ ತಿಳಿಯುವುದಿಲ್ಲ. ಸ್ಟೇಬಲ್ ಡಿಫ್ಯೂಷನ್‌ನಂಥ ಟೂಲ್‌ಗಳಲ್ಲಿ ‘ಸೀಡ್’ ಎಂಬ ಸಂಖ್ಯೆ ಇರುತ್ತದೆ. ಅದನ್ನು ಬದಲಿಸದೆ ಇಟ್ಟು ಒಂದು ಪದ ಮಾತ್ರ ಬದಲಿಸಿದರೆ ಯಾವ ಪದ ಏನು ಮಾಡಿತು ಎಂಬುದು ಕಾಣುತ್ತದೆ. ಸೀಡ್ ಇಲ್ಲದ ಕಡೆ ಒಂದೇ ಪ್ರಾಂಪ್ಟ್‌ಗೆ ನಾಲ್ಕು ಚಿತ್ರ ತೆಗೆದು ಹೋಲಿಸಿ. ನಾಲ್ಕರಲ್ಲೂ ಕಂಡ ಬದಲಾವಣೆಯನ್ನು ನಂಬಬಹುದು.

ವಿವರಕ್ಕೂ ಮಿತಿ ಇದೆ. ‘ಮೇಲಿನಿಂದ ತೆಗೆದ ಫೋಟೊ’ ಎಂದ ಮೇಲೆ ‘ಹಿಂದೆ ಅಡುಗೆಯವರ ನಗುಮುಖ’ ಎಂದರೆ ಎರಡೂ ಕೂಡುವುದಿಲ್ಲ. ಒಂದು ಮಾಯವಾಗುತ್ತದೆ, ಇಲ್ಲವೇ ಎರಡೂ ಕೆಡುತ್ತವೆ. ‘ಚಮಚ ಬೇಡ’ ಎಂದು ಬರೆದರೆ ಕೆಲವೊಮ್ಮೆ ಚಮಚವೇ ಬಂದು ಕೂರುತ್ತದೆ. ‘ಬರೀ ತಟ್ಟೆ, ಮೇಜು ಮಾತ್ರ’ ಎನ್ನುವುದು ಮೇಲು. ಕನ್ನಡ ಅಕ್ಷರಗಳಲ್ಲಿ ಒತ್ತಕ್ಷರ ತಪ್ಪುವುದು ಸಾಮಾನ್ಯ. ಖಾಲಿ ಬಿಟ್ಟ ಜಾಗದಲ್ಲಿ ಹೆಸರನ್ನು ನೀವೇ ಟೈಪ್ ಮಾಡಿ.

ಡಿಸೈನ್ ಕೆಲಸಕ್ಕೆ ಅರ್ಜಿ ಹಾಕುವವರು ಟೂಲ್‌ಗಳ ಹೆಸರನ್ನು ರೆಸ್ಯೂಮೆಯಲ್ಲಿ ಪಟ್ಟಿ ಮಾಡುತ್ತಾರೆ. ಅದಕ್ಕಿಂತ, ಎಣಗಾಯಿಯ ಮೇಲೆ ಎಣ್ಣೆ ತೇಲುತ್ತದೆ ಎಂಬುದನ್ನು ಗಮನಿಸಿ ಬರೆಯಬಲ್ಲವರ ಚಿತ್ರವೇ ಬೇರೆಯಾಗಿ ಕಾಣುತ್ತದೆ ಎಂಬುದು ನನ್ನ ಅನಿಸಿಕೆ.