ನೂರಕ್ಕೆ 99ರ ಲೆಕ್ಕ

ಗರ್ಭಿಣಿಯ ತೋಳಿನಿಂದ ಒಂದಿಷ್ಟು ರಕ್ತ ತೆಗೆದರೆ ಸಾಕು, ಹೊಟ್ಟೆಯ ಕೂಸಿಗೆ ಡೌನ್ ಸಿಂಡ್ರೋಮ್ ಉಂಟೇ ಇಲ್ಲವೇ ಎಂಬುದನ್ನು ನೂರಕ್ಕೆ 99 ಪಾಲು ಖಚಿತವಾಗಿ ತಿಳಿಯಬಹುದು ಎಂದು ಎನ್‌ಐಪಿಟಿ ಪರೀಕ್ಷೆಯನ್ನು ಮಾರುವವರು ಹೇಳುತ್ತಾರೆ. ಈ ವಿಜ್ಞಾನದ ಬಗ್ಗೆ ನಮಗೆ ತಕರಾರಿಲ್ಲ. ತಕರಾರಿರುವುದು ಆ 99ನ್ನು ಬಳಸುವ ರೀತಿಯ ಬಗ್ಗೆ.

ತಾಯಿಯ ರಕ್ತದಲ್ಲಿ ಕೂಸಿನ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆಂದು ಡೆನ್ನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ನಿಜವಾಗಿ ಆ ಚೂರುಗಳು ಬರುವುದು ಮಾಸಿನಿಂದ. 21ನೆಯ ವರ್ಣತಂತುವಿನ ಚೂರುಗಳು ಇರಬೇಕಾದುದಕ್ಕಿಂತ ಹೆಚ್ಚಿದ್ದರೆ ಯಂತ್ರ ಅನುಮಾನ ಸೂಚಿಸುತ್ತದೆ. ಆದರೆ ಮಾಸಿನಲ್ಲಿದ್ದ ದೋಷ ಕೆಲವೊಮ್ಮೆ ಕೂಸಿನಲ್ಲಿ ಇರುವುದಿಲ್ಲ. ಚೂರುಗಳು ತೀರ ಕಡಿಮೆಯಿದ್ದರೆ ಉತ್ತರವೇ ಬಾರದು. ದಪ್ಪ ಮೈಯ ತಾಯಂದಿರಲ್ಲಿ ಹೀಗಾಗುವುದು ಹೆಚ್ಚು.

ಓದುಗರು ನಮ್ಮೊಡನೆ ಒಂದು ಲೆಕ್ಕ ಹಾಕಲಿ. ಇಪ್ಪತ್ತೈದರ ಆಸುಪಾಸಿನ 10,000 ಗರ್ಭಿಣಿಯರು ಪರೀಕ್ಷೆಗೆ ಬಂದರೆನ್ನೋಣ. ಈ ವಯಸ್ಸಿನಲ್ಲಿ ಡೌನ್ ಸಿಂಡ್ರೋಮ್ ಸುಮಾರು ಸಾವಿರಕ್ಕೆ ಒಂದು. ಅಂದರೆ ಹತ್ತು ಕೂಸುಗಳು. ಹತ್ತನ್ನೂ ಪರೀಕ್ಷೆ ಹಿಡಿಯಿತೆಂದೇ ಇಟ್ಟುಕೊಳ್ಳೋಣ. ದೋಷವಿಲ್ಲದವರಲ್ಲಿ ಸಾವಿರಕ್ಕೆ ಒಬ್ಬರಿಗೆ ಅದು ತಪ್ಪು ಎಚ್ಚರಿಕೆ ಕೊಟ್ಟರೂ ಇನ್ನೊಂದು ಹತ್ತು ಮಂದಿ ಆಯಿತು. 'ದೋಷವಿದೆ' ಎಂಬ ಕಾಗದ ಹಿಡಿದ ಇಪ್ಪತ್ತು ತಾಯಂದಿರಲ್ಲಿ ಹತ್ತು ಮಂದಿಯ ಕೂಸಿಗೆ ಆ ದೋಷವೇ ಇಲ್ಲ! ನಲವತ್ತರ ತಾಯಂದಿರಲ್ಲಿ ದೋಷ ನೂರಕ್ಕೆ ಒಂದೆಂದು ಹಿಡಿದರೆ, ಅದೇ ಯಂತ್ರದ 110 ಎಚ್ಚರಿಕೆಗಳಲ್ಲಿ ನೂರು ನಿಜ. 'ದೋಷವಿಲ್ಲ' ಎಂಬ ಉತ್ತರವನ್ನಾದರೋ ಬಹುಮಟ್ಟಿಗೆ ನಂಬಬಹುದು. ಆದರೆ ಅದು ಹುಡುಕಿದ ಕೆಲವೇ ದೋಷಗಳ ಮಟ್ಟಿಗೆ ಮಾತ್ರ. ಬೆನ್ನುಹುರಿಯ, ಹೃದಯದ ರಚನೆಯ ದೋಷಗಳನ್ನು ಅದು ನೋಡುವುದೇ ಇಲ್ಲ.

ನಿರ್ಣಯ ಹೇಳಬಲ್ಲದ್ದು ಗರ್ಭನೀರಿನ ಪರೀಕ್ಷೆ, ಅಂದರೆ ಆಮ್ನಿಯೊಸೆಂಟೆಸಿಸ್. ಹದಿನೈದು ವಾರ ತುಂಬಿದ ಮೇಲೆ, ಸ್ಕ್ಯಾನಿಂಗ್ ನೋಡುತ್ತ, ಹೊಟ್ಟೆಯ ಮೂಲಕ ಸಣ್ಣ ಸೂಜಿ ಚುಚ್ಚಿ ಸ್ವಲ್ಪ ನೀರು ತೆಗೆಯುತ್ತಾರೆ. ಅದರಲ್ಲಿರುವ ಕೂಸಿನ ಜೀವಕೋಶಗಳನ್ನು ಬೆಳೆಸಿ ವರ್ಣತಂತುಗಳನ್ನೇ ನೋಡುವುದರಿಂದ ಪೂರ್ಣ ವರದಿಗೆ ಎರಡು ವಾರ ಹಿಡಿಯಬಹುದು. ಇದರಿಂದ ನೂರಕ್ಕೆ ಒಂದು ಗರ್ಭ ಬೀಳುತ್ತದೆಂದು ಹಳೆಯ ಪುಸ್ತಕಗಳು ಹೆದರಿಸುತ್ತಿದ್ದವು. ನುರಿತ ಕೈಗಳಲ್ಲಿ ಆ ಅಪಾಯ ಇಂದು ಇನ್ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ರಕ್ತ ಪರೀಕ್ಷೆ ಹತ್ತನೆಯ ವಾರಕ್ಕೇ ಆಗುತ್ತದೆ. ಎಚ್ಚರಿಕೆಯ ಕಾಗದ ಕೈಗೆ ಬಂದ ಮೇಲೆ ಸೂಜಿಯ ದಿನಕ್ಕಾಗಿ ಕೆಲವು ವಾರ ಕಾಯಬೇಕು. ದೂರದ ಊರಿಗೆ ಹೋಗಲು, ಎರಡನೆಯ ಬಾರಿ ದುಡ್ಡು ಹೊಂದಿಸಲು ಆಗದ ಕುಟುಂಬ, ಕಾಯುವ ಸಂಕಟ ತಾಳದೆ, ಮೊದಲ ಕಾಗದವನ್ನೇ ತೀರ್ಪೆಂದು ತಿಳಿದು ಗರ್ಭ ತೆಗೆಸಿಬಿಟ್ಟರೆ ಯಾರು ಹೊಣೆ? ಮೊದಲ ಪರೀಕ್ಷೆಯ ಹಣ ಪಡೆಯುವಾಗಲೇ ತಾಯಿಯ ವಯಸ್ಸಿಗೆ ತಕ್ಕ ಈ ಲೆಕ್ಕವನ್ನು ಕನ್ನಡದಲ್ಲಿ ಬರೆದು ಕೊಡಬೇಕು, ಎಚ್ಚರಿಕೆ ಬಂದವರಿಗೆ ಗರ್ಭನೀರಿನ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲೇ ಉಚಿತವಾಗಿ ಆಗಬೇಕು ಎಂದು ನಾವು ಒತ್ತಾಯಿಸುತ್ತೇವೆ.